ಬಿಲ್ಲಲ್ಲಿ ಕ್ಲೈಂಟ್ ತಪ್ಪಾಗಿ ಕಟ್ ಮಾಡಿದ್ರೆ ವಾಪಸ್ ತಗೊಳ್ಳೋದು ಹೇಗೆ: ಒಂದು ಜಾಬ್ ವರ್ಕ್ ಬಿಲ್ಲಿನ ಪೂರ್ತಿ ಲೆಕ್ಕ

ಪೀಣ್ಯದಲ್ಲಿ ಜಾಬ್ ವರ್ಕ್ ಮಾಡೋರಿಗೆ ಇದೇನು ಹೊಸದಲ್ಲ. 45 ದಿನ ಕಾದು ಕಾದು ಕೊನೆಗೆ ಬ್ಯಾಂಕಿಂದ ಮೆಸೇಜ್ ಬರತ್ತೆ, ಖುಷಿಯಿಂದ ತೆಗೆದು ನೋಡಿದ್ರೆ ಬಿಲ್ ಇದ್ದಿದ್ದು 2,12,400, ಬಂದಿರೋದು 1,69,260. ಉಳಿದ 43,140 ಎಲ್ಲಿ ಹೋಯ್ತು ಅಂತ ಯಾರೂ ಹೇಳಿರಲ್ಲ. ಆ ಕ್ಷಣಕ್ಕೆ ಕೈ ತಾನಾಗೇ ಫೋನಿಗೆ ಹೋಗತ್ತೆ, ಪರ್ಚೇಸ್‌ನವರಿಗೆ ಒಂದು ರೇಗಿ ಬಿಡೋಣ ಅನ್ಸತ್ತೆ. ನಾನೂ ಹಿಂದೆ ಹಾಗೆ ಮಾಡಿದೀನಿ, ದುಡ್ಡೂ ಬರ್ಲಿಲ್ಲ, ಮುಂದಿನ ಎರಡು ತಿಂಗಳು ಆರ್ಡರೂ ಬರ್ಲಿಲ್ಲ.

ಈ ಸಲ ಬೇರೆ ಥರ ಮಾಡಿದೆ, ಸುಮಾರು ಆರು ವಾರದಲ್ಲಿ ಸರಿ ಹೋಯ್ತು, ಕೆಲಸವೂ ನಡೀತಾ ಇದೆ. ಅದನ್ನೇ ಮೊದಲಿಂದ ಕೊನೆವರೆಗೆ ಬರೀತೀನಿ. ನಮ್ಮದು ಪ್ರೊಪ್ರೈಟರ್‌ಶಿಪ್, ಸಣ್ಣ ಸಿಎನ್‌ಸಿ ಟರ್ನಿಂಗ್ ಶಾಪ್, ಉದ್ಯಮ್ ರಿಜಿಸ್ಟ್ರೇಷನ್ನಲ್ಲಿ ಮೈಕ್ರೋ. ಕ್ಲೈಂಟ್ ದೊಡ್ಡ ಕಂಪನಿ, ಹೆಸರು ಬೇಡ. ಅವರೇ ಕಾಸ್ಟಿಂಗ್ ಕಳಿಸ್ತಾರೆ, ನಾವು ಮಷೀನಿಂಗ್ ಮಾಡಿ ವಾಪಸ್ ಕಳಿಸ್ತೀವಿ. 4,000 ಪೀಸ್, ಪೀಸಿಗೆ 45 ರೂಪಾಯಿ, ಅಂದ್ರೆ 1,80,000, ಅದರ ಮೇಲೆ 18% ಜಿಎಸ್‌ಟಿ 32,400. ಕೊನೇ ಲಾಟ್ ಹೋಗಿದ್ದು ನವೆಂಬರ್ 14, 2025, ಬಿಲ್ಲೂ ಅವತ್ತಿಂದೇ, ದುಡ್ಡು ಬಂದಿದ್ದು ಡಿಸೆಂಬರ್ 29.

ಮೊದಲು: ಎಷ್ಟು ಕಮ್ಮಿ ಅನ್ನೋದಲ್ಲ, ಯಾವುದು ಯಾಕೆ ಕಮ್ಮಿ ಅಂತ ಕೇಳಿ

ದುಡ್ಡು ಬಂದ ದಿನ ಜಗಳ ಬೇಡ. ಅಕೌಂಟ್ಸ್‌ನವರಿಗೆ ಒಂದೇ ಮೇಲ್ ಹಾಕಿ, ಪೇಮೆಂಟ್ ಅಡ್ವೈಸ್ ಮತ್ತೆ ಡೆಬಿಟ್ ನೋಟ್ ಕಾಪಿ ಕೇಳಿ, ಅಷ್ಟೇ. ದೊಡ್ಡ ಕಂಪನಿಗಳಲ್ಲಿ ಅಡ್ವೈಸ್ ಸಿಸ್ಟಮಿಂದ ತಾನಾಗೇ ಜನರೇಟ್ ಆಗತ್ತೆ, ಬಹಳಷ್ಟು ಸಲ ನಿಮ್ಮ ಹಳೇ ಮೇಲ್ ಐಡಿಗೆ ಹೋಗಿರತ್ತೆ ಅಥವಾ ಸ್ಪ್ಯಾಮಲ್ಲಿ ಬಿದ್ದಿರತ್ತೆ, ಅದನ್ನೂ ಒಂದ್ಸಲ ನೋಡ್ಕೊಳ್ಳಿ.

ಅದೇ ಮೇಲಲ್ಲಿ ಇನ್ನೊಂದು ಸಾಲು ಸೇರಿಸ್ಬೇಕು, ಇದನ್ನ ಜನ ಮರೀತಾರೆ: "ಇಂಥ ಬಿಲ್ ಬಾಬ್ತು 1,69,260 ಬಂದಿದೆ, ಪಾರ್ಟ್ ಪೇಮೆಂಟ್ ಅಂತ ಬರ್ಕೊಂಡಿದೀವಿ, ವ್ಯತ್ಯಾಸ ರೀಕನ್ಸೈಲ್ ಮಾಡ್ತಾ ಇದೀವಿ." ಯಾಕೆ ಅಂದ್ರೆ ಕಾಂಟ್ರಾಕ್ಟ್ ಕಾಯ್ದೆ ಪ್ರಕಾರ ಕಮ್ಮಿ ದುಡ್ಡನ್ನೇ ಪೂರ್ತಿ ಅಂತ ನೀವು ಒಪ್ಕೊಂಡ್ರೆ ಅಲ್ಲಿಗೆ ಲೆಕ್ಕ ಮುಗಿದ ಹಾಗೆ. ಸುಮ್ನೆ ಇದ್ದ ಮಾತ್ರಕ್ಕೆ ಒಪ್ಪಿದ ಹಾಗೆ ಆಗಲ್ಲ, ಆದ್ರೆ ಆರು ತಿಂಗಳು ಸುಮ್ನಿದ್ದು ಆಮೇಲೆ ಕೇಳಿದ್ರೆ "ಅವಾಗ ಏನೂ ಹೇಳ್ಲಿಲ್ವಲ್ಲ" ಅಂತಾರೆ. ಇದೇ ಕಾರಣಕ್ಕೆ ವರ್ಷದ ಕೊನೆಗೆ ಬರೋ ಬ್ಯಾಲೆನ್ಸ್ ಕನ್ಫರ್ಮೇಷನ್ ಲೆಟರಿಗೂ ಕಣ್ಮುಚ್ಚಿ ಸೀಲ್ ಹಾಕ್ಬೇಡಿ, ಅವರ ಲೆಡ್ಜರಲ್ಲಿ ನಿಮ್ಮ ಬಾಕಿ ಸೊನ್ನೆ ಅಂತ ಇರತ್ತೆ, ನೀವು ಸೈನ್ ಮಾಡಿದ್ರೆ ಕಟ್ ಆಗಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟ ಹಾಗೆ.

ಟ್ಯಾಲಿಯಲ್ಲೂ ಆ ರಸೀದಿನ ಬಿಲ್‌ವೈಸ್ ಹಾಕಿ ಬಾಕಿ ತೆರೆದಿಡಿ. ನಮ್ಮ ಹಳೇ ಅಕೌಂಟ್ಸ್ ಹುಡುಗ ಕಮ್ಮಿ ಬಂದಿದ್ದನ್ನೆಲ್ಲ "ರೇಟ್ ಡಿಫರೆನ್ಸ್" ಅಂತ ಒಂದು ಖಾತೆಗೆ ತಳ್ಳಿ ಬಿಲ್ ಕ್ಲೋಸ್ ಮಾಡ್ತಿದ್ದ, ಒಂದು ವರ್ಷ ಆದ್ಮೇಲೆ ಅದನ್ನ ತೆಗೆದು ನೋಡಿ ತಲೆ ಮೇಲೆ ಕೈ ಇಟ್ಕೊಂಡೆ.

ನಮಗೆ ಬಂದ ಅಡ್ವೈಸಲ್ಲಿ ಮೂರು ಸಾಲು ಇತ್ತು. ಟಿಡಿಎಸ್ 4,248. ರಿಜೆಕ್ಷನ್ ಡೆಬಿಟ್ ನೋಟ್ 36,192. ಲೇಟ್ ಡೆಲಿವರಿ ಪೆನಾಲ್ಟಿ 2,700.

ಈಗ ಮುಖ್ಯ ವಿಷಯ. ಈ ಮೂರನ್ನೂ ಮಾಡಿದೋರು ಒಬ್ಬರಲ್ಲ. ಟಿಡಿಎಸ್ ಅಕೌಂಟ್ಸ್ ಕೈಲಿ, ರಿಜೆಕ್ಷನ್ ಕ್ವಾಲಿಟಿಯವರ ಕೈಲಿ, ಪೆನಾಲ್ಟಿ ಪರ್ಚೇಸ್ ಕೈಲಿ. ಅಕೌಂಟ್ಸ್ ಮೇಡಂಗೆ ನೀವು ಎಷ್ಟು ಬೈದ್ರೂ ಅವರು ರಿಜೆಕ್ಷನ್ ವಾಪಸ್ ತೆಗೆಯೋಕಾಗಲ್ಲ, ಸಿಸ್ಟಮಲ್ಲಿ ಕ್ವಾಲಿಟಿಯವರು ಹಾಕಿದ ಎಂಟ್ರಿ ಮೇಲೆ ಡೆಬಿಟ್ ನೋಟ್ ಎದ್ದಿರತ್ತೆ. ಪರ್ಚೇಸ್ ಮ್ಯಾನೇಜರ್‌ಗೆ ಮೂರೂ ಸೇರಿಸಿ ಒಂದು ಉದ್ದ ಮೇಲ್ ಹಾಕಿದ್ರೆ ಅವರು ಎಲ್ಲರಿಗೂ ಫಾರ್ವರ್ಡ್ ಮಾಡಿ ಕೈ ತೊಳ್ಕೊಂತಾರೆ, ಯಾರೂ ತಮ್ಮದು ಅಂತ ತಗೊಳ್ಳಲ್ಲ. ಅದಕ್ಕೆ ಮೂರು ಕಟ್‌ಗೆ ಮೂರು ಬೇರೆ ಬಾಗಿಲು ತಟ್ಟಬೇಕು.

ಟಿಡಿಎಸ್: ಇದು ಕಳ್ಕೊಂಡ ದುಡ್ಡಲ್ಲ

ಎಲ್ಲದಕ್ಕಿಂತ ಸುಲಭ ಇದು, ಜನ ಎಲ್ಲದಕ್ಕಿಂತ ಜಾಸ್ತಿ ಕೂಗಾಡೋದೂ ಇದಕ್ಕೇ. ಜಾಬ್ ವರ್ಕಿಗೆ 194ಸಿ ಅಡಿ ಟಿಡಿಎಸ್, ವ್ಯಕ್ತಿ ಅಥವಾ ಎಚ್‌ಯುಎಫ್ ಆದ್ರೆ 1%, ಪಾರ್ಟ್ನರ್‌ಶಿಪ್ ಅಥವಾ ಕಂಪನಿ ಆದ್ರೆ 2%. ನಮ್ಮದು ಪ್ರೊಪ್ರೈಟರ್‌ಶಿಪ್, ಪ್ಯಾನಿನ ನಾಲ್ಕನೇ ಅಕ್ಷರ ಪಿ, ಅಂದ್ರೆ 1%. ಇವರು 2% ಹಾಕಿದಾರೆ, ಅದೂ ಜಿಎಸ್‌ಟಿ ಸೇರಿಸಿ 2,12,400ರ ಮೇಲೆ. ಬಿಲ್ಲಲ್ಲಿ ಜಿಎಸ್‌ಟಿ ಬೇರೆಯಾಗಿ ತೋರ್ಸಿದ್ರೆ ಅದರ ಮೇಲೆ ಟಿಡಿಎಸ್ ಹಿಡೀಬಾರ್ದು ಅಂತ ಸಿಬಿಡಿಟಿ 2017ರ ಜುಲೈ 19ರಂದೇ ಸರ್ಕ್ಯುಲರ್ ಹೊರಡಿಸಿದೆ, ನಂಬರ್ 23/2017. ಹಾಗಾಗಿ ಸರಿಯಾದ ಟಿಡಿಎಸ್ 1,800, ಜಾಸ್ತಿ ಹಿಡಿದಿದ್ದು 2,448.

(2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಸೆಕ್ಷನ್ ನಂಬರ್ ಬದಲಾಗಿದೆ. ಈ ಬಿಲ್ ಅದಕ್ಕೆ ಮುಂಚಿಂದು. ಬಾಯಲ್ಲಿ ಎಲ್ಲರೂ ಇನ್ನೂ 194ಸಿ ಅಂತಾನೇ ಅಂತಾರೆ, ನಾನೂ ಹಾಗೇ ಬರೀತೀನಿ.)

ಆದ್ರೆ ಒಂದು ನಿಮಿಷ. ಈ 2,448 ಕ್ಲೈಂಟ್ ಜೇಬಿಗೆ ಹೋಗಿಲ್ಲ, ನಿಮ್ಮ ಪ್ಯಾನ್ ಮೇಲೆ ಸರ್ಕಾರಕ್ಕೆ ಹೋಗಿದೆ. ಸಾಮಾನ್ಯವಾಗಿ ಬಿಲ್ ಬುಕ್ ಮಾಡಿದ ತಿಂಗಳೇ ಟಿಡಿಎಸ್ ಹಿಡಿದು ಮುಂದಿನ ತಿಂಗಳು 7ರೊಳಗೆ ಕಟ್ಟಿಬಿಟ್ಟಿರ್ತಾರೆ. ನಮ್ಮ ವಿಷಯದಲ್ಲಿ ದುಡ್ಡು ಬರೋ ಹೊತ್ತಿಗೆ ಅದು ಕಟ್ಟಿ ಮುಗಿದಿತ್ತು. ಅದನ್ನ ವಾಪಸ್ ಕೊಡಿ ಅಂತ ಕೂತ್ರೆ ಅವರು ಟಿಡಿಎಸ್ ರಿಟರ್ನ್ ಎಲ್ಲ ಸರಿ ಮಾಡ್ಬೇಕು, ಅಕೌಂಟ್ಸಲ್ಲಿ ಯಾರೂ ಅದಕ್ಕೆ ಕೈ ಹಾಕಲ್ಲ, ನಿಮ್ಮ ಮೇಲೆ ಬೇಜಾರಷ್ಟೇ. ನೀವು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿದಾಗ ಅದು ಕ್ರೆಡಿಟ್ ಸಿಗತ್ತೆ, ಜಾಸ್ತಿ ಆದ್ರೆ ರೀಫಂಡ್ ಬರತ್ತೆ. ಅದಕ್ಕೆ ಇದನ್ನ ಜಗಳದ ಪಟ್ಟಿಯಿಂದ ತೆಗೆದು ಎರಡೇ ವಿಷಯ ಕೇಳಿ. ಒಂದು, ವೆಂಡರ್ ಮಾಸ್ಟರಲ್ಲಿ ನಮ್ಮನ್ನ ಕಂಪನಿ ಅಂತ ಹಾಕಿದೀರ, ಪ್ಯಾನ್ ಕಾಪಿ ಇಲ್ಲಿದೆ, ಸರಿ ಮಾಡಿ. ಎರಡು, ಬೇಸಿಕ್ ಮೇಲೆ ಮಾತ್ರ ಟಿಡಿಎಸ್ ಹಿಡಿಯೋ ಹಾಗೆ ಸೆಟ್ ಮಾಡಿ, ಸರ್ಕ್ಯುಲರ್ ಜೊತೆಗಿದೆ. ಅಕೌಂಟ್ಸ್ ಮೇಡಂಗೆ ಇದು ಐದು ನಿಮಿಷದ ಕೆಲಸ, ಅವರು ಬಗ್ಗಿ ಒಪ್ಕೊಳ್ಳೋ ಅಗತ್ಯವೂ ಇಲ್ಲ. ಮತ್ತೆ ಅವರ ಕೈಲೇ ನಿಮ್ಮ ಪೇಮೆಂಟ್ ರನ್ ಇರೋದು, ಅವರನ್ನ ಮೊದಲ ದಿನವೇ ಎದುರು ಹಾಕ್ಕೊಂಡ್ರೆ ಉಳಿದ ಎರಡು ಕೆಲಸ ಆಗಲ್ಲ.

ನಿಜವಾಗ್ಲೂ ಕೂಗಬೇಕಾದ ಟಿಡಿಎಸ್ ಬೇರೆ ಇದೆ: ಕಟ್ ಮಾಡಿದಾರೆ ಆದ್ರೆ ನಿಮ್ಮ ಪ್ಯಾನ್ ಮೇಲೆ ಬಂದ ಟಿಡಿಎಸ್ ತೋರಿಸೋ 26ಎಎಸ್‌ನಲ್ಲಿ ಕಾಣ್ತಿಲ್ಲ. ಅಕ್ಟೋಬರ್ ಇಂದ ಡಿಸೆಂಬರ್ ತನಕದ್ದಕ್ಕೆ ಅವರು ಜನವರಿ 31ರೊಳಗೆ ರಿಟರ್ನ್ ಹಾಕ್ಬೇಕು, ಅಂದ್ರೆ ಫೆಬ್ರವರಿ ಮಧ್ಯದಲ್ಲಿ ತೆಗೆದು ನೋಡಿ. ಆಗಲೂ ಇಲ್ಲ ಅಂದ್ರೆ ಅದು ಕೈಬಿಟ್ಟು ಹೋಗ್ತಿರೋ ದುಡ್ಡು, ಬಿಡಬೇಡಿ. ಹಾಗೇ ಇನ್ನೊಂದು, ಡಿಸೈನ್, ಕನ್ಸಲ್ಟಿಂಗ್ ಥರ ಪ್ರೊಫೆಷನಲ್ ಕೆಲಸ ಮಾಡೋರಿಗೆ 194ಜೆ ಅಡಿ 10% ಹಿಡಿಯೋದು ತಪ್ಪಲ್ಲ, ಅದನ್ನ ಒಂದು ಪರ್ಸೆಂಟ್ ಆಗಬೇಕಿತ್ತು ಅಂತ ವಾದ ಮಾಡೋಕೆ ಹೋಗ್ಬೇಡಿ.

ರಿಜೆಕ್ಷನ್: ಕಾಗದಕ್ಕಿಂತ ಮೊದಲು ಪೀಸ್ ನೋಡಿ

ದೊಡ್ಡ ದುಡ್ಡು ಇರೋದು ಇಲ್ಲೇ. ಡೆಬಿಟ್ ನೋಟಲ್ಲಿ ಇದ್ದಿದ್ದು ಹೀಗೆ: 320 ಪೀಸ್ ರಿಜೆಕ್ಟ್, ಮಷೀನಿಂಗ್ ಚಾರ್ಜ್ ಪೀಸಿಗೆ 45 ಲೆಕ್ಕ 14,400, ಅದರ ಜಿಎಸ್‌ಟಿ 2,592, ಮೇಲೆ ಹಾಳಾದ ಕಾಸ್ಟಿಂಗ್ ಬೆಲೆ ಪೀಸಿಗೆ 60 ಲೆಕ್ಕ 19,200. ಒಟ್ಟು 36,192. ಯಾಕೆ ರಿಜೆಕ್ಟ್ ಅನ್ನೋ ಕಾಲಮ್ಮಲ್ಲಿ ಒಂದೇ ಪದ, "ನಾಟ್ ಓಕೆ".

ಡೆಬಿಟ್ ನೋಟ್ ತಾರೀಖು ಡಿಸೆಂಬರ್ 22. ಕೊನೇ ಲಾಟ್ ಹೋಗಿ 38 ದಿನ ಆಗಿತ್ತು. ಇದು ನೆನಪಿರ್ಲಿ, ಆಮೇಲೆ ಕೆಲಸಕ್ಕೆ ಬರತ್ತೆ.

ಇಂಥ ಟೈಮಲ್ಲಿ "ನಮ್ಮ ಹತ್ರ ಎಲ್ಲ ಇನ್‌ಸ್ಪೆಕ್ಷನ್ ರಿಪೋರ್ಟ್ ಇದೆ, ಎಲ್ಲ ಓಕೆ ಇತ್ತು" ಅಂತ ಮೇಲ್ ಬರೆಯೋದು ಉಪಯೋಗ ಇಲ್ಲ. ಅವರ ರಿಪೋರ್ಟ್ ಎದುರು ನಿಮ್ಮ ರಿಪೋರ್ಟ್, ಅಷ್ಟೇ ಆಗತ್ತೆ. ನಾನು ಕ್ವಾಲಿಟಿ ಸೂಪರ್‌ವೈಸರ್‌ಗೆ ಫೋನ್ ಮಾಡ್ದೆ. "ಸಾರ್, ರಿಜೆಕ್ಷನ್ ಪೀಸ್ ಒಂದ್ಸಲ ನೋಡ್ಬೇಕಿತ್ತು, ನಮ್ಮ ಆಪರೇಟರ್‌ಗೂ ತೋರಿಸ್ಬೇಕು, ಇಲ್ಲಾಂದ್ರೆ ಮುಂದಿನ ಲಾಟಲ್ಲೂ ಅದೇ ತಪ್ಪು ಮಾಡ್ತಾನೆ." ಅವರು "ಬನ್ನಿ ಬನ್ನಿ, ಸ್ಕ್ರ್ಯಾಪಿಗೆ ಹೋಗೋದರೊಳಗೆ ಬನ್ನಿ" ಅಂದ್ರು. ಈ ಕೊನೇ ಮಾತೇ ಮುಖ್ಯ. ರಿಜೆಕ್ಟ್ ಆದ ಮಾಲು ಒಂದು ಕೇಜಲ್ಲಿ ಇರತ್ತೆ, ಅದು ಸ್ಕ್ರ್ಯಾಪ್ ಗಾಡಿಗೆ ಹೋದ ದಿನ ನಿಮ್ಮ ಕೇಸೂ ಅದರ ಜೊತೆ ಹೋಯ್ತು. ಅದಕ್ಕೆ ಅಡ್ವೈಸ್ ಕೈಗೆ ಸಿಕ್ಕಿದ ವಾರದಲ್ಲೇ ಹೋಗಿ, ಸಾಧ್ಯವಾದ್ರೆ ಮೇಲಲ್ಲಿ "ಜಾಯಿಂಟ್ ಇನ್‌ಸ್ಪೆಕ್ಷನ್ ಆಗೋ ತನಕ ಪೀಸ್ ಇಟ್ಟಿರಿ" ಅಂತ ಒಂದು ಸಾಲು ಹಾಕಿಡಿ.

ಹೋಗಿ ಒಂದೊಂದೇ ಪೀಸ್ ಎತ್ತಿ ವಿಂಗಡಿಸಿದ್ವಿ. ಇದರಲ್ಲಿ ಗುಟ್ಟೇನಿಲ್ಲ. ಕಾಸ್ಟಿಂಗಿನದೇ ದೋಷ ಆದ್ರೆ ಮೇಲಿನ ಚರ್ಮ ಟೂಲಲ್ಲಿ ತೆಗೆದ ಮೇಲೆ ಸಣ್ಣ ಸಣ್ಣ ತೂತು ಕಾಣತ್ತೆ, ಬ್ಲೋ ಹೋಲ್ ಅಂತೀವಿ, ಅದು ಎಲ್ಲಿ ಬೇಕಾದ್ರೂ ಇರತ್ತೆ, ಒಂದರಲ್ಲಿ ಮುಖದ ಮೇಲೆ, ಇನ್ನೊಂದರಲ್ಲಿ ಬೋರ್ ಒಳಗೆ. ನಮ್ಮ ತಪ್ಪಾದ್ರೆ ಅಳತೆಯಲ್ಲಿ ಸಿಗತ್ತೆ, ಹೊರಗಿನ ವ್ಯಾಸ ಅಂಡರ್‌ಸೈಜ್, ಮೈಕ್ರೋಮೀಟರ್ ಹಾಕಿದ್ರೆ ಮುಗೀತು, ಮತ್ತೆ ಅದು ಸಾಲಾಗಿ ಒಂದೇ ಥರ ಬರತ್ತೆ ಯಾಕಂದ್ರೆ ಇನ್ಸರ್ಟ್ ಸವೆದಿರತ್ತೆ ಅಥವಾ ಆಫ್‌ಸೆಟ್ ತಪ್ಪು ಕೊಟ್ಟಿರ್ತಾರೆ. 210 ಪೀಸ್ ಬ್ಲೋ ಹೋಲ್. 104 ಪೀಸ್ ಅಂಡರ್‌ಸೈಜ್, ಅದು ನಮ್ಮದೇ, ನೋಡಿದ ತಕ್ಷಣ ಗೊತ್ತಾಯ್ತು, ರಾತ್ರಿ ಶಿಫ್ಟಿಂದು. ಒಟ್ಟು 314 ಆಯ್ತು, ಇನ್ನೂ ಆರು ಪೀಸ್ ಕೇಜಲ್ಲಿ ಇರ್ಲೇ ಇಲ್ಲ.

ಆರು ಪೀಸಿಗೆ ಪಟ್ಟು ಹಿಡೀಬಹುದಿತ್ತು. ಹಿಡೀಲಿಲ್ಲ, ನಮ್ಮ ಲೆಕ್ಕಕ್ಕೆ ಹಾಕ್ಕೊಳ್ಳಿ ಸಾರ್ ಅಂದೆ, 110 ಆಯ್ತು. ಆರು ಪೀಸ್ ಕಾಣ್ತಿಲ್ಲ ಅಂತ ಮೇಲೆ ಹೋದ್ರೆ ಆ ಸೂಪರ್‌ವೈಸರ್ ಕೇಜಿನ ಲೆಕ್ಕಕ್ಕೆ ಉತ್ತರ ಕೊಡ್ಬೇಕು, ಆಮೇಲೆ ಅವನು 210ಕ್ಕೂ ಸೈನ್ ಹಾಕಲ್ಲ. ಅಲ್ಲೇ ಒಂದು ಹಾಳೆಯಲ್ಲಿ ಪಾರ್ಟ್ ನಂಬರ್, ಡೆಲಿವರಿ ಚಲನ್ ಅಂದ್ರೆ ಡಿಸಿ ನಂಬರ್, 210 ಕಾಸ್ಟಿಂಗ್ ದೋಷ, 110 ಮಷೀನಿಂಗ್ ದೋಷ ಅಂತ ಬರೆದು ಇಬ್ಬರೂ ಸೈನ್ ಮಾಡಿದ್ವಿ, ನಾಲ್ಕೈದು ಪೀಸಿನ ಫೋಟೋ ತಗೊಂಡೆ. ಈ ಒಂದು ಹಾಳೆ ಇಲ್ದೆ ಮುಂದೆ ಏನೂ ಆಗ್ತಿರ್ಲಿಲ್ಲ.

ಈಗ ಪರ್ಚೇಸ್ ಆರ್ಡರ್, ಅಂದ್ರೆ ಪಿಒ ತೆಗೀಬೇಕು. ನಮ್ಮ ಪಿಒದಲ್ಲಿ ಎರಡು ಮಾತಿತ್ತು. ಕಾಸ್ಟಿಂಗ್ ದೋಷದಿಂದ ಹೋದ ಪೀಸಿಗೆ ಮಷೀನಿಂಗ್ ಚಾರ್ಜ್ ಕೊಡ್ತಾರೆ, ಯಾಕಂದ್ರೆ ಒಳಗಿನ ತೂತು ಮಷೀನ್ ಮಾಡಿದ ಮೇಲೇ ಕಾಣೋದು, ನಮ್ಮ ಟೈಮ್ ಹೋಗಿರತ್ತೆ. ಎರಡನೇದು, 1% ತನಕ ಪ್ರೊಸೆಸ್ ರಿಜೆಕ್ಷನ್ನಿಗೆ ಮೆಟೀರಿಯಲ್ ಬೆಲೆ ವಸೂಲಿ ಇಲ್ಲ. 4,000ಕ್ಕೆ 1% ಅಂದ್ರೆ 40 ಪೀಸ್. ಹಾಗಾಗಿ ನಮ್ಮ 110ರಲ್ಲಿ ಮಷೀನಿಂಗ್ ಚಾರ್ಜ್ 110ಕ್ಕೂ ಬಿಡ್ಬೇಕು, 4,950, ಅದರ ಜಿಎಸ್‌ಟಿ 891. ಮೆಟೀರಿಯಲ್ 70 ಪೀಸಿಗೆ ಮಾತ್ರ, 4,200. ಒಟ್ಟು 10,041. ಅವರು ಹಿಡಿದಿದ್ದು 36,192, ಅಂದ್ರೆ ವಾಪಸ್ ಬರ್ಬೇಕಾಗಿದ್ದು 26,151.

ನಿಮ್ಮ ಪಿಒದಲ್ಲಿ ಈ ಸಾಲುಗಳು ಇಲ್ಲ ಅಂದ್ರೆ ವಾದ ಕಷ್ಟ, ಅದನ್ನ ಮುಚ್ಚಿಡಲ್ಲ. ಆಗ ಹಿಂದಿನ ಬಿಲ್ಲುಗಳಲ್ಲಿ ಅವರೇ ಕಾಸ್ಟಿಂಗ್ ದೋಷಕ್ಕೆ ಚಾರ್ಜ್ ಕೊಟ್ಟಿದ್ದು ಇದ್ರೆ ಅದನ್ನ ತೋರಿಸಿ.

ಲೇಟ್ ಡೆಲಿವರಿ: ಗೇಟಿನ ಸೀಲ್ ಸಾಕು

ಪಿಒ ಪ್ರಕಾರ ಡೆಲಿವರಿ ಅಕ್ಟೋಬರ್ 24, ಕೊನೇ ಲಾಟ್ ಹೋಗಿದ್ದು ನವೆಂಬರ್ 14, ಮೂರು ವಾರ. ವಾರಕ್ಕೆ 0.5%, 1,80,000 ಮೇಲೆ 1.5% ಅಂದ್ರೆ 2,700. ಲೆಕ್ಕ ಸರಿ. ಆದ್ರೆ ಅವರ ಕಾಸ್ಟಿಂಗ್ ಸೆಪ್ಟೆಂಬರ್ 30ಕ್ಕೆ ಬರ್ಬೇಕಿತ್ತು, ಬಂದಿದ್ದು ಅಕ್ಟೋಬರ್ 14. ಅವರ ಡಿಸಿ ಮೇಲೆ ನಮ್ಮ ಇನ್‌ವರ್ಡ್ ಸೀಲ್, ತಾರೀಖು, ಗಾಡಿ ನಂಬರ್ ಎಲ್ಲ ಇತ್ತು. 14 ದಿನ ಅವರದ್ದು, 7 ದಿನ ನಮ್ಮದು. ಒಂದು ವಾರಕ್ಕೆ 900.

ಇಲ್ಲಿ ಇನ್ನೂ ಕೆಳಗೆ ಇಳಿಸಬಹುದಿತ್ತು. ಕೊನೇ ವಾರಕ್ಕೆ ಉಳಿದಿದ್ದು ಬರೀ 1,500 ಪೀಸ್, ಪೆನಾಲ್ಟಿ ಅಷ್ಟಕ್ಕೇ ಹಾಕ್ಬೇಕು ಅಂತ ಕೂತಿದ್ರೆ 900 ಬದಲು 337 ರೂಪಾಯಿ ಚಿಲ್ಲರೆ ಆಗ್ತಿತ್ತು. ಐದಾರು ನೂರು ರೂಪಾಯಿಗೆ ಪರ್ಚೇಸ್‌ನವರ ಜೊತೆ ಯಾರು ಕೂರ್ತಾರೆ? ಬಿಟ್ಟೆ. ಬಿಟ್ಟಿದ್ದನ್ನ ಅವರಿಗೆ ಗೊತ್ತಾಗೋ ಹಾಗೆ ಬಿಟ್ಟೆ, ಮೇಲಲ್ಲಿ ಒಂದು ಸಾಲು ಹಾಕ್ದೆ, ಪೂರ್ತಿ ಬೆಲೆ ಮೇಲೇ ಒಪ್ತೀವಿ ಅಂತ.

ಮೇಲ್ ಬರೆಯೋದು: ಒಪ್ಕೊಂಡಿದ್ದು ಮೊದಲು

ಕ್ವಾಲಿಟಿ ಹಾಳೆ ಕೈಗೆ ಬಂದ ಮೇಲೆ, ಅಂದ್ರೆ ಜನವರಿ ಎರಡನೇ ವಾರ, ಪರ್ಚೇಸ್‌ಗೆ ಮೇಲ್ ಹಾಕ್ದೆ, ಅಕೌಂಟ್ಸ್ ಮತ್ತೆ ಕ್ವಾಲಿಟಿಯವರಿಗೆ ಕಾಪಿ. ಅವರ ಬಾಸ್‌ಗೆ ಕಾಪಿ ಹಾಕ್ಬೇಡಿ, ಅದು ಚಾಡಿ ಹೇಳಿದ ಹಾಗೆ ಕಾಣತ್ತೆ. ಮೇಲ್ ಹಾಕೋ ಮುಂಚೆ ಫೋನ್ ಮಾಡಿ ಹೇಳಿ, "ಸಾರ್ ಒಂದು ರೀಕನ್ಸಿಲಿಯೇಷನ್ ಕಳಿಸ್ತಾ ಇದೀನಿ, ನಿಮ್ಮದೂ ನಮ್ಮದೂ ತಪ್ಪು ಸ್ವಲ್ಪ ಸ್ವಲ್ಪ ಇದೆ, ಒಂದ್ಸಲ ನೋಡ್ಬಿಡಿ." ಮೇಲ್ ನಾವು ಇಂಗ್ಲಿಷಲ್ಲೇ ಬರೆಯೋದು, ಅದರ ಸಾರ ಇಷ್ಟು:

"ಇಂಥ ಬಿಲ್ಲಿನ ಲೆಕ್ಕ ತಾಳೆ ನೋಡಿದ್ವಿ. ನಮ್ಮ ಕಡೆಯಿಂದ 110 ಪೀಸ್ ಮಷೀನಿಂಗ್ ದೋಷ ಮತ್ತೆ ಒಂದು ವಾರದ ತಡ ಒಪ್ತೀವಿ, ಮಷೀನಿಂಗ್ ಚಾರ್ಜಿಗೆ ಕ್ರೆಡಿಟ್ ನೋಟ್ ಜೊತೆಗಿದೆ. ಉಳಿದ 210 ಪೀಸ್ ಕಾಸ್ಟಿಂಗ್ ದೋಷ ಅಂತ ಕ್ವಾಲಿಟಿಯವರ ಜೊತೆ ನೋಡಿ ಸೈನ್ ಆಗಿದೆ, ಹಾಳೆ ಜೊತೆಗಿದೆ. ಎರಡು ವಾರದ ತಡ ಕಾಸ್ಟಿಂಗ್ ಬಂದ ತಾರೀಖಿಂದ ಆಗಿದ್ದು, ಡಿಸಿ ಜೊತೆಗಿದೆ. ಹಾಗಾಗಿ ರಿಜೆಕ್ಷನ್ನಲ್ಲಿ 26,151, ಪೆನಾಲ್ಟಿಯಲ್ಲಿ 1,800, ಒಟ್ಟು 27,951 ರಿವರ್ಸ್ ಮಾಡ್ಕೊಡಿ. ಟಿಡಿಎಸ್ ವಿಷಯ ಅಕೌಂಟ್ಸ್ ಜೊತೆ ಬೇರೆ ನೋಡ್ಕೊಂಡಿದೀವಿ."

"ನೀವು ತಪ್ಪಾಗಿ ಕಟ್ ಮಾಡಿದೀರ" ಅನ್ನೋ ಮಾತು ಎಲ್ಲೂ ಇಲ್ಲ ನೋಡಿ. ಕಂಪನಿ ಒಳಗೆ ಡೆಬಿಟ್ ನೋಟ್ ರಿವರ್ಸ್ ಮಾಡ್ಬೇಕು ಅಂದ್ರೆ ಆ ಮನುಷ್ಯ ತನ್ನ ಮೇಲಿನವರಿಗೆ ಒಂದು ಕಾರಣ ತೋರಿಸ್ಬೇಕು, "ಜಾಯಿಂಟ್ ಇನ್‌ಸ್ಪೆಕ್ಷನ್ ಆಯ್ತು, ವೆಂಡರ್ 110 ಒಪ್ಕೊಂಡ" ಅನ್ನೋದು ಒಳ್ಳೇ ಕಾರಣ, "ನಾವು ತಪ್ಪು ಮಾಡಿದ್ವಿ" ಅನ್ನೋದು ಯಾರೂ ಬರೆಯಲ್ಲ.

ಕ್ರೆಡಿಟ್ ನೋಟ್ ಬಗ್ಗೆ ಎರಡು ಮಾತು. ಅವರು ಹಾಕಿದ ಡೆಬಿಟ್ ನೋಟಿಂದ ನಿಮ್ಮ ಜಿಎಸ್‌ಟಿ ಕಮ್ಮಿ ಆಗಲ್ಲ. ಮಾಲು ಅಥವಾ ಸರ್ವೀಸ್ ಕೊಟ್ಟವರೇ ಕ್ರೆಡಿಟ್ ನೋಟ್ ಹಾಕಿ ರಿಟರ್ನಲ್ಲಿ ತೋರಿಸ್ಬೇಕು, ಆ ಹಣಕಾಸು ವರ್ಷ ಮುಗಿದ ಮೇಲೆ ಬರೋ ನವೆಂಬರ್ 30ರೊಳಗೆ, ವಾರ್ಷಿಕ ರಿಟರ್ನ್ ಅದಕ್ಕೂ ಮುಂಚೆ ಹಾಕಿದ್ರೆ ಅಷ್ಟರೊಳಗೆ. ಒಪ್ಪಿದ 4,950ಕ್ಕೆ ಮಾತ್ರ ಕ್ರೆಡಿಟ್ ನೋಟ್ ಹಾಕಿ, ಅವರ ಡೆಬಿಟ್ ನೋಟಿನ ಪೂರ್ತಿ ಮೊತ್ತಕ್ಕೆ ಹಾಕಿದ್ರೆ ನೀವೇ ಎಲ್ಲ ಒಪ್ಪಿದ ಹಾಗೆ. ಇನ್ನೊಂದು ತಪ್ಪು ಕೆಲವರು ಮಾಡ್ತಾರೆ, ಕಟ್ ಆದ ದುಡ್ಡಿಗೆ ಹೊಸ ಬಿಲ್ ಹಾಕೋದು. ಮೊದಲ ಬಿಲ್ಲಿಗೇ ಪೂರ್ತಿ ಜಿಎಸ್‌ಟಿ ಕಟ್ಟಿ ಆಗಿದೆ, ಹೊಸ ಬಿಲ್ ಹಾಕಿದ್ರೆ ಅದೇ ಕೆಲಸಕ್ಕೆ ಎರಡು ಸಲ ಕಟ್ಟಿದ ಹಾಗೆ. ಬರೋ ದುಡ್ಡು ಹಳೇ ಬಿಲ್ ಮೇಲೇ ಬರ್ಬೇಕು.

ಉತ್ತರ ಬರ್ಲಿಲ್ಲ ಅಂದ್ರೆ

ನಮಗೂ ಹತ್ತು ದಿನ ಬರ್ಲಿಲ್ಲ. ವಾರಕ್ಕೊಂದು ಸಲ ಫೋನ್, ಯಾವಾಗ್ಲೂ ಒಂದೇ ಪ್ರಶ್ನೆ, "ಈಗ ಯಾರ ಟೇಬಲ್ ಮೇಲಿದೆ ಸಾರ್?" ದುಡ್ಡು ಯಾವಾಗ ಅಂತ ಕೇಳಿದ್ರೆ "ನೋಡ್ತೀನಿ" ಅಂತಾರೆ, ಯಾರ ಹತ್ರ ಇದೆ ಅಂದ್ರೆ ಒಂದು ಹೆಸರು ಹೇಳ್ಲೇಬೇಕಾಗತ್ತೆ. ಈ ಮಧ್ಯೆ ನಡೀತಿರೋ ಆರ್ಡರಿನ ಮಾಲು ನಿಲ್ಲಿಸ್ಬೇಡಿ. 27 ಸಾವಿರಕ್ಕೆ ಅವರ ಲೈನ್ ನಿಲ್ಲಿಸಿದ್ರೆ ಪಿಒ ಪ್ರಕಾರ ನೀವೇ ತಪ್ಪಿತಸ್ಥರು, ಬರೀ ಒಂದು ದಿನದಲ್ಲಿ ನಿಮ್ಮ ಜಾಗಕ್ಕೆ ಬೇರೆ ಶಾಪ್ ಬರತ್ತೆ.

ಕಾನೂನಿನ ಅಸ್ತ್ರ ನಿಮ್ಮ ಹತ್ರ ಇದೆ, ಆದ್ರೆ ಅದನ್ನ ಅವರ ಅಕೌಂಟ್ಸಿಗೆ ಅನುಕೂಲ ಅನ್ನೋ ಥರ ಹೇಳ್ಬೇಕು. ಮೂರು ಇದೆ. ಒಂದು, ಬಿಲ್ ತಾರೀಖಿಂದ 180 ದಿನದಲ್ಲಿ ದುಡ್ಡು ಪೂರ್ತಿ ಕೊಡ್ಲಿಲ್ಲ ಅಂದ್ರೆ ಕೊಡದೇ ಇರೋ ಭಾಗಕ್ಕೆ ತಗೊಂಡ ಜಿಎಸ್‌ಟಿ ಇನ್‌ಪುಟ್ ಅವರು ಬಡ್ಡಿ ಸಮೇತ ವಾಪಸ್ ಮಾಡ್ಬೇಕು. ಎರಡು, ನೀವು ಮೈಕ್ರೋ ಅಥವಾ ಸ್ಮಾಲ್ ಆದ್ರೆ, 45 ದಿನದ ಗಡಿ ದಾಟಿದ ಬಾಕಿ ಮಾರ್ಚ್ 31ಕ್ಕೂ ಉಳಿದಿದ್ರೆ ಆ ಖರ್ಚು ಆ ವರ್ಷದ ಆದಾಯ ತೆರಿಗೆಯಲ್ಲಿ ಅವರಿಗೆ ಸಿಗಲ್ಲ, 43ಬಿ(ಎಚ್) ಅಂತ ಎಲ್ಲ ಅಕೌಂಟ್ಸ್‌ನವರಿಗೂ ಗೊತ್ತಿರತ್ತೆ. ಪಿಒದಲ್ಲಿ 90 ದಿನ ಅಂತ ಬರೆದಿದ್ರೂ ಎಂಎಸ್‌ಎಂಇಡಿ ಕಾಯ್ದೆಯಲ್ಲಿ 45ಕ್ಕಿಂತ ಜಾಸ್ತಿ ನಡೆಯಲ್ಲ, ಒಪ್ಪಂದವೇ ಇಲ್ಲ ಅಂದ್ರೆ 15 ದಿನ. ಮೂರನೇದು, ಅದೇ 2006ರ ಕಾಯ್ದೆ ಪ್ರಕಾರ ಮಾಲಿನ ಬಗ್ಗೆ ತಕರಾರು ಇದ್ರೆ ಡೆಲಿವರಿ ಆದ 15 ದಿನದೊಳಗೆ ಬರವಣಿಗೆಯಲ್ಲಿ ಹೇಳ್ಬೇಕು, ಇಲ್ಲಾಂದ್ರೆ ಡೆಲಿವರಿ ದಿನವೇ ಒಪ್ಕೊಂಡ ಹಾಗೆ ಲೆಕ್ಕ, ಪೇಮೆಂಟ್ ದಿನ ಅಲ್ಲಿಂದ ಎಣಿಸ್ತಾರೆ. ನಮ್ಮದಕ್ಕೆ 38ನೇ ದಿನ ಬಂದಿದ್ದು ನೆನಪಿದೆಯಲ್ಲ? ಅದರಿಂದ ರಿಜೆಕ್ಷನ್ ತಾನಾಗೇ ರದ್ದಾಗತ್ತೆ ಅಂತಲ್ಲ, ಆದ್ರೆ ತಕರಾರು ಇತ್ತು ಅದಕ್ಕೇ ಪೇಮೆಂಟ್ ತಡ ಆಯ್ತು ಅನ್ನೋ ಮಾತು ಅವರು ಹೇಳೋಕಾಗಲ್ಲ, ತಡಕ್ಕೆ ಬಡ್ಡಿ ಓಡತ್ತೆ, ಅದೂ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ.

ನಾನು ಬಡ್ಡಿ ಮಾತೇ ಎತ್ತಲಿಲ್ಲ. ಅಕೌಂಟ್ಸ್ ಮೇಡಂಗೆ ಫೋನ್ ಮಾಡಿ, "ಮೇಡಂ, ಉದ್ಯಮ್ ಸರ್ಟಿಫಿಕೇಟ್ ನಿಮ್ಮ ಫೈಲಲ್ಲಿ ಇದೆಯಾ, ಮಾರ್ಚಲ್ಲಿ ಆಡಿಟ್‌ನವರು ಕೇಳ್ತಾರೆ, ಈ ಬಿಲ್ ಅದರೊಳಗೆ ಕ್ಲಿಯರ್ ಆದ್ರೆ ನಿಮಗೂ ತಲೆನೋವು ಇರಲ್ಲ" ಅಂದೆ. ಮೇಡಂ ಸ್ವಲ್ಪ ಹೊತ್ತು ಸುಮ್ನಿದ್ದು "ಕಾಪಿ ಇನ್ನೊಂದ್ಸಲ ಕಳ್ಸಿ" ಅಂದ್ರು. ಅಲ್ಲಿಂದ ಫೈಲ್ ಓಡಾಡ್ತು.

ಸರ್ಕಾರದ ಎಂಎಸ್‌ಎಂಇ ಪೋರ್ಟಲಲ್ಲಿ ಕಂಪ್ಲೇಂಟ್ ಹಾಕೋ ದಾರಿ ಇದೆ, ಕೇಸ್ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗತ್ತೆ, ಕೌನ್ಸಿಲ್ ತೀರ್ಪಿನ ವಿರುದ್ಧ ಕೋರ್ಟಿಗೆ ಹೋಗ್ಬೇಕು ಅಂದ್ರೆ ಅವರು 75% ದುಡ್ಡು ಮೊದಲು ಇಡ್ಬೇಕು. ಗಟ್ಟಿ ದಾರಿನೇ. ಆದ್ರೆ ಅದನ್ನ ಹಾಕಿದ ಮೇಲೆ ಆ ಕಂಪನಿಯಿಂದ ಪಿಒ ಬರತ್ತೆ ಅಂತ ಕಾಯ್ಬೇಡಿ. ಕೆಲಸ ಹೇಗೂ ನಿಂತಿದೆ, ಬಾಕಿ ದೊಡ್ಡದಿದೆ ಅಂದಾಗ ಮಾತ್ರ ನಾನು ಅದನ್ನ ಹಾಕೋದು. ತೀರಾ ಎಳೆದಾಡ್ತಾ ಹೋದ್ರೂ ಕೇಸ್ ಹಾಕೋಕೆ ಇರೋ ಮೂರು ವರ್ಷದ ಲಿಮಿಟೇಷನ್ ದಾಟಿಸ್ಬೇಡಿ.

ದುಡ್ಡು ಹೇಗೆ ವಾಪಸ್ ಬರ್ಬೇಕು

ಪರ್ಚೇಸ್‌ನವರು ಕೊನೆಗೆ ಫೋನ್ ಮಾಡಿ "ಆಯ್ತು ರೀ, ಮುಂದಿನ ಬಿಲ್ಲಲ್ಲಿ ಅಡ್ಜಸ್ಟ್ ಮಾಡ್ತೀವಿ" ಅಂದ್ರು. ಇಲ್ಲಿ ಹುಷಾರು. ಬೇಡ ಅಂತ ಹಟ ಮಾಡ್ಬೇಡಿ, ಆದ್ರೆ ಹೇಗೆ ಅಡ್ಜಸ್ಟ್ ಅಂತ ಬರವಣಿಗೆಯಲ್ಲಿ ತಗೊಳ್ಳಿ: ಹಳೇ ಡೆಬಿಟ್ ನೋಟ್ ನಂಬರ್ ರಿವರ್ಸ್, ಇಷ್ಟು ಮೊತ್ತ, ಇಂಥ ಪೇಮೆಂಟ್ ಜೊತೆ. ಬರೀ ಬಾಯಲ್ಲಿ ಹೇಳಿದ್ರೆ ಆ ಮನುಷ್ಯ ಕೆಲಸ ಬಿಟ್ಟ ದಿನ ನಿಮ್ಮ 27 ಸಾವಿರವೂ ಹೋಯ್ತು. ಮತ್ತೆ ಕೆಲವರು ಹೊಸ ಪಿಒದಲ್ಲಿ ರೇಟ್ ಸ್ವಲ್ಪ ಏರಿಸಿ ಸರಿ ಮಾಡೋಣ ಅಂತಾರೆ, ಅದಕ್ಕೆ ಒಪ್ಬೇಡಿ, ಜಿಎಸ್‌ಟಿ ಕಲಸಿ ಹೋಗತ್ತೆ, ಮುಂದಿನ ಸಲ ರೇಟ್ ಮಾತಾಡುವಾಗ ಅದೇ ಏರಿಸಿದ ರೇಟನ್ನ ತೋರಿಸಿ ಕಮ್ಮಿ ಮಾಡಿ ಅಂತಾರೆ.

ನಮ್ಮದು ಫೆಬ್ರವರಿ ಎರಡನೇ ವಾರದ ಪೇಮೆಂಟ್ ಜೊತೆ ಬಂತು, ಅಡ್ವೈಸಲ್ಲಿ ಬೇರೆ ಸಾಲಾಗಿ 27,951. ಅದೇ ಅಡ್ವೈಸಲ್ಲಿ ಹೊಸ ಬಿಲ್ಲಿನ ಟಿಡಿಎಸ್ 1%, ಬೇಸಿಕ್ ಮೇಲೆ ಮಾತ್ರ. 26ಎಎಸ್ ತೆಗೆದು ನೋಡ್ದೆ, ಹಳೇ 4,248 ಪೂರ್ತಿ ಕಾಣ್ತಿತ್ತು, ಅದು ರಿಟರ್ನಲ್ಲಿ ನೋಡ್ಕೊಂಡ್ರಾಯ್ತು.

ಆ ಕ್ವಾಲಿಟಿ ಸೂಪರ್‌ವೈಸರ್ ಈಗ ರಿಜೆಕ್ಷನ್ ಬಿದ್ದ ದಿನವೇ ವಾಟ್ಸಾಪಲ್ಲಿ ಫೋಟೋ ಹಾಕ್ತಾರೆ, ನಾನು ಅವತ್ತೇ ಹುಡುಗನ್ನ ಮೈಕ್ರೋಮೀಟರ್ ಕೊಟ್ಟು ಕಳಿಸ್ತೀನಿ. ಹೋದ ತಿಂಗಳು 18 ಪೀಸ್ ಬಿತ್ತು, 15 ಬ್ಲೋ ಹೋಲ್, 3 ನಮ್ಮದು, ಡೆಬಿಟ್ ನೋಟ್ ಬಂದಿದ್ದೂ 3ಕ್ಕೇ.